ಟವರ್ ನಿಂತಿದೆ, ಸಿಗ್ನಲ್ ಕಡ್ಡಿ ಇದೆ, ಫೋನ್ ಮಾತ್ರ ಹೋಗಲ್ಲ: ಟವರ್‌ನ ಹಿಂದಿನ ದಾರಿಯ ಕಥೆ

ಮಳೆಗಾಲ ಬಂತು ಅಂದ್ರೆ ನಮ್ಮಂಥ ಊರು ಬಿಟ್ಟು ಬಂದವರಿಗೆಲ್ಲ ಒಂದೇ ಚಿಂತೆ. ನಾವು ಪುಣೆಯಲ್ಲೋ ಚೆನ್ನೈಯಲ್ಲೋ ಕೂತಿರ್ತೀವಿ, ಅಪ್ಪ ಅಮ್ಮ ಮಲೆನಾಡಿನ ಯಾವುದೋ ಮೂಲೆಯಲ್ಲಿ ಇಬ್ಬರೇ ಇರ್ತಾರೆ. ರಾತ್ರಿ ಫೋನ್ ಮಾಡಿದ್ರೆ "ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ". ಪಕ್ಕದ ಮನೆಯವರ ನಂಬರಿಗೆ ಹಾಕಿದ್ರೂ ಅದೇ, ಪಕ್ಕದ ಊರಿನ ಚಿಕ್ಕಪ್ಪನ ನಂಬರಿಗೆ ಹಾಕಿದ್ರೂ ಅದೇ. ಹೈದರಾಬಾದಿನ ವೀಕ್ಷಕರೊಬ್ಬರು ಕೇಳಿದ ಪ್ರಶ್ನೆ ಇದು: "ನಮ್ಮೂರಲ್ಲಿ ಕರೆಂಟ್ ಇತ್ತು, ಟವರ್ ಮೇಲಿನ ಕೆಂಪು ದೀಪ ಉರೀತಿತ್ತು, ಆದ್ರೂ ಹತ್ತು ಹಳ್ಳಿ ಒಟ್ಟಿಗೇ ಹೋಯ್ತು. ಎಲ್ಲ ಟವರೂ ಒಂದೇ ಸಲ ಹೇಗೆ ಕೆಡುತ್ತೆ?"

ಕೆಡಲ್ಲ. ಉತ್ತರ ಅಷ್ಟೇ. ಅವತ್ತು ಆ ಹತ್ತು ಟವರುಗಳಲ್ಲಿ ಬಹುಶಃ ಒಂಬತ್ತು ಚೆನ್ನಾಗೇ ಇದ್ದವು. ಅವುಗಳ ಹಿಂದಿನ ದಾರಿ ಹೋಗಿತ್ತು. ನಾನು ಹೊಟ್ಟೆಪಾಡಿಗೆ ಮಾಡೋದು ಆ ದಾರಿಯ ಕೆಲಸವನ್ನೇ, ಟ್ರಾನ್ಸ್‌ಮಿಷನ್ ಅಂತ ಕರೀತಾರೆ. ಹಾಗಾಗಿ ಇವತ್ತು ಟವರ್ ಬಗ್ಗೆ ಕಡಿಮೆ, ಟವರ್‌ನ ಬೆನ್ನ ಹಿಂದೆ ಏನಿದೆ ಅನ್ನೋದರ ಬಗ್ಗೆ ಹೆಚ್ಚು ಮಾತಾಡ್ತೀನಿ.

ಪಕ್ಕದ ಮನೆಗೆ ಬೆಂಗಳೂರಿನ ಮೇಲೆ

ಮೊಬೈಲ್ ಅನ್ನೋದು ವೈರ್‌ಲೆಸ್ ಅಂತ ನಾವು ಅಂದ್ಕೊಂಡಿದ್ದೀವಿ. ನಿಮ್ಮ ಫೋನಿನಿಂದ ಹತ್ತಿರದ ಟವರ್‌ವರೆಗಿನ ಒಂದೆರಡು ಕಿಲೋಮೀಟರ್ ಮಾತ್ರ ಆ ಅರ್ಥದಲ್ಲಿ ವೈರ್‌ಲೆಸ್. ಟವರ್ ತಾನಾಗಿ ಏನೂ ತೀರ್ಮಾನ ಮಾಡಲ್ಲ. ನಿಮ್ಮ ಸಿಮ್ ಅಸಲಿಯೋ, ರೀಚಾರ್ಜ್ ಇದೆಯೋ, ನೀವು ಕರೆಯುತ್ತಿರುವ ನಂಬರ್ ಈಗ ಯಾವ ಊರಲ್ಲಿದೆ, ಇದೆಲ್ಲ ಗೊತ್ತಿರೋದು ಕೋರ್‌ಗೆ. ಕೋರ್ ಅಂದ್ರೆ ದೊಡ್ಡ ನಗರದ ಡೇಟಾ ಸೆಂಟರಿನಲ್ಲಿರುವ ಯಂತ್ರಗಳ ಗುಂಪು. ಕರ್ನಾಟಕದ ಹಳ್ಳಿಗೆ ಅದು ಬೆಂಗಳೂರಿನಲ್ಲಿದೆ ಅಂತ ಇಟ್ಟುಕೊಳ್ಳಿ. ಒಂದೇ ಟವರ್ ಕೆಳಗೆ ಇರೋ ಇಬ್ಬರು 4ಜಿಯಲ್ಲಿ ಮಾತಾಡಿದ್ರೂ ದನಿ ಹಳ್ಳಿಯಿಂದ ಬೆಂಗಳೂರಿಗೆ ಹೋಗಿ, ಅಲ್ಲಿಂದ ಅದೇ ಹಳ್ಳಿಗೆ ವಾಪಸ್ ಬರುತ್ತೆ. ಬೇಲಿ ಆಚೆಯ ಮನೆಯವರಿಗೆ ಕೂಗಿದ್ರೆ ಕೇಳುತ್ತೆ, ಫೋನ್ ಮಾಡಿದ್ರೆ ಮುನ್ನೂರು ಕಿಲೋಮೀಟರ್ ಸುತ್ತು. ಆ ಸುತ್ತಿನಲ್ಲಿ ಎಲ್ಲೇ ಕೊಂಡಿ ಕಳಚಿದ್ರೂ ಬೇಲಿ ಆಚೆಗೂ ಫೋನ್ ಹೋಗಲ್ಲ.

ಟವರ್‌ನಿಂದ ಕೋರ್‌ವರೆಗಿನ ಈ ದಾರಿಗೆ ಬ್ಯಾಕ್‌ಹಾಲ್ ಅನ್ನೋದು ಹೆಸರು. ಮುಂದಿನ ಸಲ ಊರಿಗೆ ಹೋದಾಗ ಟವರ್ ನೋಡಿ. ಉದ್ದುದ್ದ ಬಿಳಿ ಹಲಗೆಗಳ ಹಾಗೆ ಕಾಣೋದು ನಮ್ಮ ಫೋನಿನ ಜೊತೆ ಮಾತಾಡೋ ಆಂಟೆನಾ. ಅದರ ಜೊತೆಗೆ ತಮಟೆಯ ಹಾಗೆ ದುಂಡಗೆ, ಬಿಳಿ ಮುಚ್ಚಳ ಹಾಕಿರೋ ಡಿಶ್ ಕಂಡ್ರೆ ಅದು ಬ್ಯಾಕ್‌ಹಾಲ್‌ನ ಮೈಕ್ರೋವೇವ್. ಅದು ಫೋನಿಗಲ್ಲ, ಇನ್ನೊಂದು ಟವರಿಗೆ ಮುಖ ಮಾಡಿದೆ. ಡಿಶ್ ಒಂದೂ ಇಲ್ಲ ಅಂದ್ರೆ ಸಾಮಾನ್ಯವಾಗಿ ಆ ಟವರಿಗೆ ನೆಲದೊಳಗಿಂದ ಫೈಬರ್ ಬಂದಿದೆ. ನಮ್ಮ ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ಟವರುಗಳಿಗೆ ಫೈಬರ್ ಇನ್ನೂ ತಲುಪಿಲ್ಲ. ಮಲೆನಾಡಿನಂಥ ಕಡೆ ಕಾಡು, ಬಂಡೆ, ಅಗೆಯೋಕೆ ಅನುಮತಿಯ ತಾಪತ್ರಯ ಎಲ್ಲ ಸೇರಿ ತಮಟೆಗಳೇ ಜಾಸ್ತಿ.

ಒಂದು ಗುಡ್ಡ, ಒಂಬತ್ತು ಹಳ್ಳಿ

ಈಗ ಒಂದು ಊರನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಹೆಸರು ಬೇಡ, ಘಟ್ಟದ ಅಂಚಿನ ಒಂದು ತಾಲೂಕು ಕೇಂದ್ರ. ಅಲ್ಲಿವರೆಗೆ ಫೈಬರ್ ಇದೆ. ಅಲ್ಲಿಂದ 12 ಕಿಲೋಮೀಟರ್ ದೂರದಲ್ಲಿ ಒಂದು ಗುಡ್ಡ, ಗುಡ್ಡದ ಮೇಲೊಂದು ಟವರ್. ಇದನ್ನು ಹಬ್ ಅಂತೀವಿ. ಗುಡ್ಡದ ಆಚೆ ಕಣಿವೆಯಲ್ಲಿ ಒಂಬತ್ತು ಹಳ್ಳಿ, ಒಂಬತ್ತು ಟವರ್. ತಾಲೂಕು ಕೇಂದ್ರದಿಂದ ಗುಡ್ಡಕ್ಕೆ 7 ಗಿಗಾಹರ್ಟ್ಸ್‌ನ ಒಂದು ಮೈಕ್ರೋವೇವ್ ಕೊಂಡಿ, ಗುಡ್ಡದಿಂದ ಹಳ್ಳಿಗಳಿಗೆ 15 ಗಿಗಾಹರ್ಟ್ಸ್‌ನ ಚಿಕ್ಕ ಕೊಂಡಿಗಳು. ಕೆಲವು ಹಳ್ಳಿಗಳಿಗೆ ಗುಡ್ಡ ನೇರ ಕಾಣಲ್ಲ, ಹಾಗಾಗಿ ಅವು ಮೊದಲು ಪಕ್ಕದ ಹಳ್ಳಿಗೆ, ಅಲ್ಲಿಂದ ಗುಡ್ಡಕ್ಕೆ ಸೇರುತ್ತವೆ. ಮೈಕ್ರೋವೇವ್‌ಗೆ ಎರಡು ಡಿಶ್ ಒಂದಕ್ಕೊಂದು ಕಾಣಲೇಬೇಕು, ಮಧ್ಯೆ ಒಂದು ಮರ ಬೆಳೆದ್ರೂ ತಕರಾರು.

ಈ ಚಿತ್ರವನ್ನು ಒಂದು ಮರ ಅಂತ ನೋಡಿ. ಹಳ್ಳಿ ಎಲೆ, ಗುಡ್ಡ ಕೊಂಬೆ, ತಾಲೂಕು ಕೇಂದ್ರ ಕಾಂಡ. ಎಲೆ ಉದುರಿದ್ರೆ ಒಂದು ಹಳ್ಳಿ ಹೋಗುತ್ತೆ, ಕೊಂಬೆ ಮುರಿದ್ರೆ ಒಂಬತ್ತೂ ಹೋಗುತ್ತೆ. ನೆಟ್‌ವರ್ಕ್ ಹೋಗೋದು ಹರಡುತ್ತೆ ಅನ್ನೋದರ ಮೊದಲ ಅರ್ಥ ಇದು. ಕಾಯಿಲೆ ಹಾಗೆ ಒಂದು ಟವರ್‌ನಿಂದ ಇನ್ನೊಂದಕ್ಕೆ ಅಂಟೋದಲ್ಲ, ಎಲ್ಲವೂ ನೇತಾಡ್ತಿರೋ ಒಂದೇ ಜಾಗ ಕುಸಿಯೋದು.

ಮೊದಲು ಮಳೆ ಏನು ಮಾಡುತ್ತೆ ನೋಡೋಣ. ಗಂಟೆಗೆ 95 ಮಿಲಿಮೀಟರ್ ಲೆಕ್ಕದಲ್ಲಿ ಸುರಿಯೋ ಮಳೆ ಅಂದ್ರೆ ಕಾರಿನ ವೈಪರ್ ಕೈಕಟ್ಟಿ ಕೂರೋ ಅಂಥ ಮಳೆ. ಆ ಮಳೆಯಲ್ಲಿ 15 ಗಿಗಾಹರ್ಟ್ಸ್ ಅಲೆ ಪ್ರತಿ ಕಿಲೋಮೀಟರಿಗೆ ಸುಮಾರು 6 ಡೆಸಿಬೆಲ್ ಕಳ್ಕೊಳ್ಳುತ್ತೆ. ಡೆಸಿಬೆಲ್ ಲೆಕ್ಕ ಮರೆತಿದ್ರೆ ಇಷ್ಟು ಸಾಕು: 10 ಡೆಸಿಬೆಲ್ ಹೋದ್ರೆ ಹತ್ತನೇ ಒಂದು ಪಾಲು ಉಳಿಯುತ್ತೆ, 30 ಹೋದ್ರೆ ಸಾವಿರದಲ್ಲಿ ಒಂದು ಪಾಲು. ಕೊಂಡಿಯ 5 ಕಿಲೋಮೀಟರ್ ಮಳೆಯಡಿ ಇದ್ರೆ 30 ಡೆಸಿಬೆಲ್ ಮಾಯ. 7 ಗಿಗಾಹರ್ಟ್ಸ್‌ಗೆ ಅದೇ ಮಳೆಯಲ್ಲಿ ಕಿಲೋಮೀಟರಿಗೆ ಒಂದು ಚಿಲ್ಲರೆ ಡೆಸಿಬೆಲ್ ಮಾತ್ರ ನಷ್ಟ. ಹನಿಯ ಗಾತ್ರಕ್ಕೆ ಅಲೆಯ ಉದ್ದ ಹತ್ತಿರ ಬಂದಷ್ಟೂ ಹೊಡೆತ ಜಾಸ್ತಿ, ಅದಕ್ಕೇ ಉದ್ದದ ಕೊಂಡಿಗೆ ಕಡಿಮೆ ಫ್ರೀಕ್ವೆನ್ಸಿ ಇಡೋದು.

ಇದನ್ನು ಪ್ಲಾನ್ ಮಾಡೋರು ಮಳೆ ಗೊತ್ತಿಲ್ಲದೆ ಮಾಡಿರಲ್ಲ. ಬಿಸಿಲಿನ ದಿನ ಬೇಕಾದ್ದಕ್ಕಿಂತ 35–40 ಡೆಸಿಬೆಲ್ ಹೆಚ್ಚುವರಿ ಇಟ್ಟಿರ್ತಾರೆ. ಇದರ ಜೊತೆಗೆ ರೇಡಿಯೋ ತಾನೇ ಹೊಂದಿಕೊಳ್ಳುತ್ತೆ. ಗದ್ದಲದ ಮದುವೆ ಮನೆಯಲ್ಲಿ ನಾವು ನಿಧಾನಕ್ಕೆ ಬಿಡಿಸಿ ಬಿಡಿಸಿ ಮಾತಾಡ್ತೀವಲ್ಲ, ಹಾಗೆ. 28 ಮೆಗಾಹರ್ಟ್ಸ್ ಚಾನೆಲ್ ಇರೋ ಕೊಂಡಿ ಬಿಸಿಲಲ್ಲಿ ಸುಮಾರು 180 ಎಂಬಿಪಿಎಸ್ ಸಾಗಿಸಿದ್ರೆ, ಜೋರು ಮಳೆಯಲ್ಲಿ 40ಕ್ಕೆ ಇಳಿಯುತ್ತೆ. ಆ 40ರಲ್ಲಿ ಮೊದಲ ಪಾಳಿ ದನಿಯ ಕರೆಗೆ. ಒಂದು ವೋಲ್ಟಿ ಕರೆಗೆ ಹೊದಿಕೆ ಎಲ್ಲ ಸೇರಿ ಕೆಲವು ಹತ್ತು ಕಿಲೋಬಿಟ್ ಸಾಕು, ಹಾಗಾಗಿ ನೂರಾರು ಕರೆ ಆರಾಮಾಗಿ ಹೋಗುತ್ತೆ. ವಾಟ್ಸ್ಯಾಪ್ ವಿಡಿಯೋ ಮಾತ್ರ ಸುತ್ತುತ್ತಾ ಕೂರುತ್ತೆ. ನಿಮ್ಮ ಊರಲ್ಲಿ ಮಳೆ ಬಂದಾಗ ಮಾಮೂಲಿ ಕರೆ ಹೋಗುತ್ತೆ, ವಿಡಿಯೋ ಹೋಗಲ್ಲ, ಮಳೆ ನಿಂತ ಹತ್ತು ನಿಮಿಷಕ್ಕೆ ಎಲ್ಲ ಸರಿ ಆಗುತ್ತೆ ಅಂದ್ರೆ ಅದು ಇದೇ. ಯಾರೂ ಬಂದು ರಿಪೇರಿ ಮಾಡಲಿಲ್ಲ, ಕೊಂಡಿ ಹಿಗ್ಗಿತು ಅಷ್ಟೆ. ಅದೇ, ಮಳೆ ನಿಂತು ಬಿಸಿಲು ಬಂದ್ರೂ ಸರಿ ಆಗ್ಲಿಲ್ಲ ಅಂದ್ರೆ ಗಾಳಿಗೆ ಡಿಶ್ ತಿರುಗಿರೋ ಸಾಧ್ಯತೆ ಇದೆ. ಈ ಡಿಶ್‌ಗಳ ಕಿರಣ ಎರಡು ಎರಡೂವರೆ ಡಿಗ್ರಿ ಅಗಲ ಅಷ್ಟೇ. ಮೂರು ಡಿಗ್ರಿ ತಿರುಗಿದ್ರೆ ಎದುರಿನ ಗುಡ್ಡದ ಬದಲು ಆಕಾಶವನ್ನೋ ಅಡಿಕೆ ತೋಟವನ್ನೋ ನೋಡ್ತಾ ನಿಂತಿರುತ್ತೆ. ಆಗ ಒಬ್ಬ ರಿಗ್ಗರ್ ಮೇಲೆ ಹತ್ತಲೇಬೇಕು, ಮತ್ತೆ ಗಾಳಿ ಮಳೆಯಲ್ಲಿ ಅವನನ್ನು ಹತ್ತಿಸೋ ಹಾಗಿಲ್ಲ.

ಆದ್ರೆ ನನ್ನ ಅನುಭವದಲ್ಲಿ ಹತ್ತು ಹಳ್ಳಿ ಒಟ್ಟಿಗೆ ಹೋಗೋದಕ್ಕೆ ಮಳೆಹನಿಗಿಂತ ದೊಡ್ಡ ಕಾರಣ ಕರೆಂಟು. ಅದೂ ಹಳ್ಳಿಯ ಕರೆಂಟಲ್ಲ, ಗುಡ್ಡದ ಕರೆಂಟು.

ಲೆಕ್ಕ ಹಾಕಿ. ಗುಡ್ಡದ ಟವರ್ ಅಡಿಯಲ್ಲಿ 48 ವೋಲ್ಟಿನ, 600 ಆಂಪಿಯರ್-ಅವರ್ ಬ್ಯಾಟರಿ ಸಾಲು. ಹಬ್ ಆದ್ದರಿಂದ ರೇಡಿಯೋ, ರೂಟರ್, ಎರಡು ಮೂರು ಕಂಪನಿಯ ಸಾಮಾನು ಎಲ್ಲ ಸೇರಿ 3 ಕಿಲೋವ್ಯಾಟ್ ಎಳೆಯುತ್ತೆ, ಅಂದ್ರೆ 60 ಚಿಲ್ಲರೆ ಆಂಪಿಯರ್. ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡೋ ಹಾಗಿಲ್ಲ, ಎಂಬತ್ತು ಪರ್ಸೆಂಟ್ ಬಳಸಿದ್ರೆ ಏಳೂವರೆ ಗಂಟೆ. ಬ್ಯಾಟರಿ ಹಳೇದಾಗಿ ಶಕ್ತಿ ಅರ್ಧ ಉಳಿದಿದ್ರೆ ನಾಲ್ಕು ಗಂಟೆಗೂ ಕಡಿಮೆ. ಆಮೇಲೆ ಡೀಸೆಲ್ ಜನರೇಟರ್. ಸಂಜೆ ಆರಕ್ಕೆ ಗಾಳಿಗೆ ಮರ ಬಿದ್ದು ಗುಡ್ಡದ ಲೈನ್ ಹೋಯ್ತು ಅನ್ನಿ. ಜನರೇಟರ್ ಸ್ವಲ್ಪ ಹೊತ್ತು ಓಡಿ ಡೀಸೆಲ್ ಮುಗೀತು. ಡೀಸೆಲ್ ಜೀಪು ಬರಬೇಕಾದ ರಸ್ತೆಗೂ ಮರ ಬಿದ್ದಿದೆ. ರಾತ್ರಿ ಎರಡರ ಸುಮಾರಿಗೆ ಗುಡ್ಡ ಸತ್ತಿತು. ಆ ಕ್ಷಣಕ್ಕೆ ಒಂಬತ್ತೂ ಹಳ್ಳಿ ಹೋದವು. ಅವುಗಳಲ್ಲಿ ಮೂರಕ್ಕೆ ಕರೆಂಟ್ ವಾಪಸ್ ಬಂದಿದೆ, ಉಳಿದವುಗಳ ಬ್ಯಾಟರಿ ಇನ್ನೂ ಅರ್ಧ ಇದೆ. ಹೈದರಾಬಾದಿನ ವೀಕ್ಷಕರು ಕೇಳಿದ ಉರಿಯೋ ಕೆಂಪು ದೀಪದ ರಹಸ್ಯ ಇಷ್ಟೇ. ನಾಕ್‌ನಲ್ಲಿ, ಅಂದ್ರೆ ನೆಟ್‌ವರ್ಕಿನ ಮೇಲೆ ಕಣ್ಣಿಡೋ ಕೊಠಡಿಯಲ್ಲಿ, ಪರದೆ ಮೇಲೆ ಹತ್ತು ಅಲಾರಂ ಒಂದೇ ನಿಮಿಷಕ್ಕೆ ಬಂದ್ರೆ ಅನುಭವಸ್ಥರು ಹತ್ತು ಟವರ್ ನೋಡಲ್ಲ. ಹತ್ತಕ್ಕೂ ಸಾಮಾನ್ಯ ಯಾವುದು ಅಂತ ಮೊದಲು ನೋಡ್ತಾರೆ. ಬೇರೆ ಬೇರೆ ಹೊತ್ತಿಗೆ ಒಂದೊಂದಾಗಿ ಹೋದ್ರೆ ಅದು ಹಳ್ಳಿಗಳ ಬ್ಯಾಟರಿ, ಒಂದೇ ಸಲ ಹೋದ್ರೆ ಕೊಂಬೆ.

ಇಲ್ಲಿ ನಮಗೆ ಸಂಬಂಧಪಟ್ಟ ಒಂದು ಮಾತಿದೆ. ಅಪ್ಪನ ಫೋನಿನಲ್ಲಿ ಎರಡು ಕಂಪನಿ ಸಿಮ್ ಹಾಕಿಸಿ ಬಂದಿದ್ದೀನಿ, ಒಂದು ಹೋದ್ರೆ ಇನ್ನೊಂದು ಇರುತ್ತೆ ಅಂತ ನಮ್ಮಲ್ಲಿ ಬಹಳ ಜನ ಧೈರ್ಯವಾಗಿದ್ದಾರೆ. ಆದ್ರೆ ಟವರ್, ಬ್ಯಾಟರಿ, ಜನರೇಟರ್ ಎಷ್ಟೋ ಕಡೆ ಟವರ್ ಕಂಪನಿಯದ್ದು. ಮೊಬೈಲ್ ಕಂಪನಿಗಳು ಬಾಡಿಗೆಗೆ ಒಟ್ಟಿಗೇ ನೇತಾಡ್ತಿರ್ತವೆ. ಎರಡು ಸಿಮ್, ಒಂದೇ ಬ್ಯಾಟರಿ! ಊರಲ್ಲಿ ಎರಡೂ ಸಿಮ್ ಪ್ರತಿ ಸಲ ಒಟ್ಟಿಗೇ ಹೋಗ್ತಾವಾ, ಬೇರೆ ಬೇರೆ ಹೊತ್ತಿಗೆ ಹೋಗ್ತಾವಾ ಅಂತ ಅಮ್ಮನ್ನ ಕೇಳಿ. ಒಟ್ಟಿಗೇ ಹೋಗ್ತಿದ್ರೆ ಎರಡನೇ ಸಿಮ್ ಬದಲಿಸೋದು ಒಳ್ಳೇದು. ಸರ್ಕಾರದ ತರಂಗ್ ಸಂಚಾರ್ ಪೋರ್ಟಲ್‌ನಲ್ಲಿ ಊರಿನ ಸುತ್ತ ಯಾವ ಟವರ್‌ನಲ್ಲಿ ಯಾವ ಕಂಪನಿ ಇದೆ ಅಂತ ನಕ್ಷೆಯಲ್ಲಿ ನೋಡಬಹುದು. ಇನ್ನೊಂದು ದಿಕ್ಕಿನ, ಇನ್ನೊಂದು ಗುಡ್ಡದ ಟವರ್‌ನಲ್ಲಿರೋ ಕಂಪನಿ ಸಿಕ್ಕಿದ್ರೆ ಸಿಗ್ನಲ್ ಒಂದು ಕಡ್ಡಿ ಕಡಿಮೆ ಇದ್ರೂ ನಾನು ಅದನ್ನೇ ಹಾಕಿಸ್ತೀನಿ.

ಉಂಗುರ ಚಪ್ಪಟೆ ಆದಾಗ

"ಹಾಗಾದ್ರೆ ಎಲ್ಲಕ್ಕೂ ಫೈಬರ್ ಹಾಕಿಬಿಟ್ರೆ ಮುಗೀತಲ್ಲ" ಅಂತೀರಿ. ಫೈಬರಿಗೆ ಮಳೆ ತಾಗಲ್ಲ, ಜಾಗಕ್ಕೆ ಕೊರತೆ ಇಲ್ಲ. ಆದ್ರೆ ಅದಕ್ಕೆ ಜೆಸಿಬಿ ತಾಗುತ್ತೆ. ಲೆಕ್ಕಪ್ರಕಾರ ಕೇಬಲ್ 1.65 ಮೀಟರ್ ಆಳದಲ್ಲಿರಬೇಕು. ಬಂಡೆ ಸಿಕ್ಕ ಕಡೆ, ಸೇತುವೆ ದಾಟೋ ಕಡೆ ಅಷ್ಟು ಆಳ ಎಲ್ಲಿಂದ ಬರ್ಬೇಕು? ಸೇತುವೆ ಪಕ್ಕಕ್ಕೆ ಕಬ್ಬಿಣದ ಪೈಪಿನಲ್ಲಿ ಕಟ್ಟಿಬಿಟ್ಟಿರ್ತಾರೆ. ಕುಡಿಯೋ ನೀರಿನ ಪೈಪಿಗೆ ಅಗೆಯೋರು, ರಸ್ತೆ ಅಗಲ ಮಾಡೋರು, ಎಲ್ಲರ ಕೈಗೂ ಅದು ಸಿಗುತ್ತೆ. ಅಗೆಯೋ ಮೊದಲು ತಿಳಿಸಿ ಅಂತ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ "ಕಾಲ್ ಬಿಫೋರ್ ಯು ಡಿಗ್" ಅನ್ನೋ ಆ್ಯಪ್ ಬಿಟ್ಟಿದ್ದು ಇದೇ ಕಾಟಕ್ಕೆ.

ಕಡಿತ ಆಗೇ ಆಗುತ್ತೆ ಅಂತ ಒಪ್ಪಿಕೊಂಡೇ ಫೈಬರನ್ನು ಉಂಗುರದ ಆಕಾರದಲ್ಲಿ ಎಳೀತಾರೆ. ಐದಾರು ಊರುಗಳನ್ನು ಸುತ್ತಿ ಕೇಬಲ್ ಹೊರಟಲ್ಲಿಗೇ ವಾಪಸ್ ಬರುತ್ತೆ. ಒಂದು ಕಡೆ ಕಡಿದ್ರೆ ಟ್ರಾಫಿಕ್ ಇನ್ನೊಂದು ಕಡೆಯಿಂದ ತಿರುಗುತ್ತೆ. ಹೀಗೆ ತಿರುಗೋಕೆ ಗುರಿ ಇಟ್ಟಿರೋದು 50 ಮಿಲಿಸೆಕೆಂಡು. ನೀವು ಮಾತಾಡ್ತಿದ್ರೂ ಗೊತ್ತಾಗಲ್ಲ.

ಗೊತ್ತಾಗಲ್ಲ ಅನ್ನೋದೇ ಮುಂದಿನ ತೊಂದರೆಯ ಬೇರು. ಸೋಮವಾರ ಎಡಗಡೆ ಕಡಿತ ಆಯ್ತು, ಒಬ್ಬ ಗ್ರಾಹಕನೂ ದೂರು ಕೊಡಲಿಲ್ಲ, ಆ ಟಿಕೆಟ್ ಪಟ್ಟಿಯ ಕೆಳಗೆ ಜಾರಿತು. ರಿಪೇರಿ ಗ್ಯಾಂಗಿಗೆ ಪೂರ್ತಿ ಸತ್ತಿರೋ ಜಾಗಗಳೇ ಹತ್ತು ಇರ್ತವೆ, ಅವರ ತಪ್ಪಲ್ಲ. ಗುರುವಾರ ಬಲಗಡೆ ಇನ್ನೊಂದು ಜೆಸಿಬಿ. ಅವತ್ತು ಉಂಗುರದ ಅಷ್ಟೂ ಊರು, ಆ ಊರುಗಳಿಗೆ ನೇತಾಡ್ತಿರೋ ಮೈಕ್ರೋವೇವ್ ಹಳ್ಳಿಗಳು, ಎಲ್ಲ ಒಟ್ಟಿಗೆ. ಊರಿನವರಿಗೆ ಗುರುವಾರ ಕೆಟ್ಟಿತು ಅಂತ ಅನಿಸುತ್ತೆ. ಕೆಟ್ಟಿದ್ದು ಸೋಮವಾರ.

ಇನ್ನೊಂದು, ಘಟ್ಟದ ಕಡೆಗೇ ವಿಶೇಷವಾದದ್ದು. ನಕ್ಷೆಯಲ್ಲಿ ಉಂಗುರ ದುಂಡಗೆ ಕಾಣುತ್ತೆ. ನೆಲದ ಮೇಲೆ ಘಟ್ಟ ಇಳಿಯೋಕೆ ಇರೋದು ಒಂದೇ ರಸ್ತೆ, ಹಾಗಾಗಿ ಉಂಗುರದ ಎರಡೂ ಕೈ ಅದೇ ರಸ್ತೆಯಲ್ಲಿ, ಕೆಲವೊಮ್ಮೆ ಒಂದೇ ಕಾಲುವೆಯಲ್ಲಿ ಮಲಗಿರುತ್ತೆ. ನಾವು ಇದನ್ನು ಚಪ್ಪಟೆ ಉಂಗುರ ಅಂತೀವಿ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಮಡಿಕೇರಿ-ಸಂಪಾಜೆ ರಸ್ತೆಯೇ ಬಂದ್ ಆಗಿದ್ದು ನಿಮಗೆ ನೆನಪಿರಬಹುದು. ರಸ್ತೆಯೇ ಕೊಚ್ಚಿಹೋಗೋ ಅಂಥ ಜಾಗದಲ್ಲಿ ರಸ್ತೆ ಬದಿ ಹೂತದ್ದು ಒಂದಿದ್ರೇನು, ಎರಡಿದ್ರೇನು? ಮೇಲಾಗಿ ಕಂಪನಿಗಳು ಒಬ್ಬರ ಫೈಬರನ್ನು ಇನ್ನೊಬ್ಬರು ಬಾಡಿಗೆಗೆ ತಗೊಳ್ತಾರೆ. ನನಗೆ ಎರಡು ದಾರಿ ಇದೆ ಅಂತ ಒಂದು ಕಂಪನಿ ಅಂದ್ಕೊಂಡಿದ್ದಾಗ ಎರಡೂ ಒಂದೇ ಕೇಬಲ್‌ನೊಳಗಿನ ಬೇರೆ ಬೇರೆ ಎಳೆ ಆಗಿರಬಹುದು.

ಕಡಿದ ಜಾಗ ಹುಡುಕೋದು ಹೇಗೆ? ಒಟಿಡಿಆರ್ ಅನ್ನೋ ಪೆಟ್ಟಿಗೆ ಫೈಬರಿನೊಳಗೆ ಬೆಳಕಿನ ಮಿಣುಕು ಬಿಡುತ್ತೆ, ಕತ್ತರಿಸಿದ ತುದಿಯಿಂದ ಅದು ಪ್ರತಿಫಲಿಸಿ ಬರೋಕೆ ಎಷ್ಟು ಹೊತ್ತಾಯ್ತು ಅಂತ ಅಳೆಯುತ್ತೆ. ಕಡಿತ 23.4 ಕಿಲೋಮೀಟರ್ ದೂರದಲ್ಲಿ ಅಂತ ಹೇಳುತ್ತೆ. ಅದು ಕೇಬಲ್‌ನ ಕಿಲೋಮೀಟರ್, ರಸ್ತೆಯದ್ದಲ್ಲ. ದಾರಿಯುದ್ದಕ್ಕೂ ಗುಂಡಿಗಳಲ್ಲಿ ಹೆಚ್ಚುವರಿ ಕೇಬಲ್ ಸುತ್ತಿಟ್ಟಿರ್ತಾರೆ, ಹಾಗಾಗಿ ರಸ್ತೆ ಲೆಕ್ಕದಲ್ಲಿ ಅದು 22ನೇ ಕಿಲೋಮೀಟರಲ್ಲೂ ಇರಬಹುದು. ಟಾರ್ಚ್ ಹಿಡಿದು ಹೊಸದಾಗಿ ಅಗೆದ ಮಣ್ಣು ಎಲ್ಲಿದೆ ಅಂತ ನಡೆದು ಹುಡುಕಬೇಕು. ಆಮೇಲೆ ಕೂದಲಿನಷ್ಟು ತೆಳು ಎಳೆಗಳನ್ನು ಒಂದೊಂದಾಗಿ ಕರಗಿಸಿ ಬೆಸೆಯಬೇಕು. 96 ಎಳೆಯ ಕೇಬಲ್ ಆದ್ರೆ, ಮಳೆಯಲ್ಲಿ ತಾರ್ಪಾಲಿನ್ ಕೆಳಗೆ, ಹಲವು ಗಂಟೆಯ ಕೆಲಸ. ಯಾವ ಎಳೆ ಮೊದಲು ಅನ್ನೋದಕ್ಕೂ ಜಗಳ ಇರುತ್ತೆ, ಅದು ಬೇರೆ ಕಥೆ.

ದಾರಿ ಸರಿ ಇದ್ದೂ ಊರೇ ಮುಳುಗಿದ ದಿನ

ಇಲ್ಲಿವರೆಗೆ ಎಲೆ, ಕೊಂಬೆ ಆಯ್ತು. ಬುಡವೇ ಅಲುಗಾಡಿದ್ರೆ? ಅದಕ್ಕೆ ನನಗೆ ಗೊತ್ತಿರೋ ಅತ್ಯಂತ ಚೆನ್ನಾಗಿ ದಾಖಲಾದ ಉದಾಹರಣೆ ಕೆನಡಾದ್ದು. ನಮ್ಮಲ್ಲಿ ಇಂಥ ಘಟನೆಗಳ ತನಿಖಾ ವರದಿ ಸಾರ್ವಜನಿಕರ ಕೈಗೆ ಸಿಗೋದು ಅಪರೂಪ, ಅಲ್ಲಿ ಸಿಕ್ಕಿತು.

2022ರ ಜುಲೈ 8, ಶುಕ್ರವಾರ ಬೆಳಗಿನ ಜಾವ 4:45. ರಾಜರ್ಸ್ ಅಲ್ಲಿನ ದೊಡ್ಡ ಕಂಪನಿ. ಕೋರ್ ನೆಟ್‌ವರ್ಕ್ ಮೇಲ್ದರ್ಜೆಗೇರಿಸೋ ಏಳು ಹಂತದ ಕೆಲಸದಲ್ಲಿ ಆರನೇ ಹಂತ ನಡೀತಿತ್ತು. ರೂಟರ್‌ಗಳ ಕಾನ್ಫಿಗರೇಷನ್‌ನಿಂದ ಒಂದು ಫಿಲ್ಟರ್ ಅಳಿಸಿದ್ರು. ರೂಟರ್‌ಗಳು ಒಂದಕ್ಕೊಂದು "ಈ ವಿಳಾಸಕ್ಕೆ ಹೋಗೋಕೆ ನನ್ನ ಕಡೆ ಬನ್ನಿ" ಅಂತ ದಾರಿಗಳ ಪಟ್ಟಿ ಹಂಚಿಕೊಳ್ತಾ ಇರುತ್ತವೆ. ಹೊರಗಿನ ಇಂಟರ್ನೆಟ್‌ನ ದಾರಿಗಳು ಲಕ್ಷಗಟ್ಟಲೆ. ಅಷ್ಟನ್ನೂ ಒಳಗಿನ ಕೋರ್ ರೂಟರ್‌ಗೆ ಹೇಳಬಾರದು, ಬೇಕಾದಷ್ಟೇ ಹೇಳಬೇಕು. ಆ ಜರಡಿಯೇ ಫಿಲ್ಟರ್. ಜರಡಿ ತೆಗೆದ ಕೂಡಲೇ ಪಟ್ಟಿ ಪೂರ್ತಿ ಕೋರ್ ರೂಟರ್‌ಗಳ ಮೇಲೆ ಸುರೀತು, ಅವುಗಳ ಮೆಮೊರಿ, ಪ್ರೊಸೆಸರ್ ತಡೆಯಲಾರದೆ ನಿಮಿಷಗಳಲ್ಲಿ ಕೂತುಬಿಟ್ಟವು. ಮೊಬೈಲು, ಮನೆಯ ಬ್ರಾಡ್‌ಬ್ಯಾಂಡು ಎರಡೂ ಒಂದೇ ಕೋರ್ ಮೇಲಿದ್ದವು, ಎರಡೂ ಹೋದವು. 1 ಕೋಟಿ 20 ಲಕ್ಷಕ್ಕೂ ಹೆಚ್ಚು ಗ್ರಾಹಕರು. ಅಂಗಡಿಗಳಲ್ಲಿ ಡೆಬಿಟ್ ಕಾರ್ಡ್ ಕೂಡ ನಿಂತಿತು, ಯಾಕಂದ್ರೆ ಇಂಟರ್ಯಾಕ್ ಅನ್ನೋ ಪಾವತಿ ಜಾಲ ಇದೇ ನೆಟ್‌ವರ್ಕ್ ಮೇಲೆ ಓಡ್ತಿತ್ತು.

ನಮ್ಮ ಐಟಿ ಮಂದಿ ಗಮನಿಸಬೇಕಾದ ವಿವರ ಇನ್ನೊಂದಿದೆ. ಮೊದಲು ಈ ಕೆಲಸವನ್ನು ಹೆಚ್ಚು ಅಪಾಯದ್ದು ಅಂತ ಗುರುತಿಸಿದ್ರು. ಮೊದಲ ಹಂತಗಳು ಸುಸೂತ್ರವಾಗಿ ಆಗಿದ್ದರಿಂದ ಆರನೇ ಹಂತದ ಹೊತ್ತಿಗೆ ಅದರ ಗುರುತು ಕಡಿಮೆ ಅಪಾಯಕ್ಕೆ ಇಳಿದಿತ್ತು. ಇನ್ನು ಕೆಟ್ಟಿದ್ದನ್ನು ನೋಡೋಕೆ ಎಂಜಿನಿಯರ್‌ಗಳು ಬಳಸೋ ನಿರ್ವಹಣಾ ಜಾಲವೂ ಅದೇ ಕೋರ್ ಮೇಲೆ ನಿಂತಿತ್ತು. ಲಾಗಿನ್ ಆಗೋ ದಾರಿಯೇ ಇಲ್ಲ. ಸಿಬ್ಬಂದಿಯ ಫೋನುಗಳೂ ಅದೇ ಕಂಪನಿಯವು, ಒಬ್ಬರನ್ನೊಬ್ಬರು ಸಂಪರ್ಕಿಸೋಕೆ ಬೇರೆ ಕಂಪನಿಗಳ ಸಿಮ್ ಹುಡುಕಬೇಕಾಯ್ತು. ಮೂಲ ಕಾರಣ ಪತ್ತೆ ಆಗೋಕೆ ಸುಮಾರು 14 ಗಂಟೆ, ಸೇವೆ ವಾಪಸ್ ಬರೋಕೆ ಸುಮಾರು 26 ಗಂಟೆ ಹಿಡೀತು.

ಆದ್ರೆ ನನ್ನ ಎದೆ ಝಲ್ ಅನ್ನಿಸಿದ್ದು ಟವರುಗಳ ವಿಷಯ. ಟವರುಗಳು ಸಾಯಲಿಲ್ಲ. ಕೋರ್ ಹೋಗಿದ್ರೂ ಅವು "ನಾನಿದ್ದೀನಿ" ಅಂತ ಗಾಳಿಯಲ್ಲಿ ಸಂಕೇತ ಬಿಡ್ತಾನೇ ಇದ್ದವು. ಫೋನಿನ ಕಡ್ಡಿಗಳು ಅಳೆಯೋದು ಆ ಸಂಕೇತವನ್ನು ಮಾತ್ರ, ಅದರ ಹಿಂದೆ ಏನಿದೆ ಅಂತ ಅಲ್ಲ. ನಮ್ಮ ಸ್ವಂತ ಕಂಪನಿಯ ಸಿಗ್ನಲ್ ಪೂರ್ತಿ ಮಾಯ ಆದಾಗ ಫೋನು ಬೇರೆ ಯಾವ ಕಂಪನಿಯ ಟವರ್ ಸಿಕ್ಕಿದ್ರೂ ಅದರ ಮೂಲಕ ತುರ್ತು ಕರೆ ಮಾಡಬಲ್ಲದು. ಪರದೆಯ ಮೇಲೆ `Emergency calls only` ಅಂತ ಬರುತ್ತಲ್ಲ, ಅದರ ಅರ್ಥ ಇದು. ಆದ್ರೆ ಸ್ವಂತ ಟವರ್ ಜೀವಂತ ಇದ್ದ ಹಾಗೆ ಕಂಡಿದ್ದರಿಂದ ಆ ಫೋನುಗಳು ಅದಕ್ಕೇ ಅಂಟಿಕೊಂಡವು. ಪಕ್ಕದ ಕಂಪನಿಯ ಟವರ್ ಚೆನ್ನಾಗಿದ್ರೂ ಎಷ್ಟೋ ಜನರ 911 ಕರೆ ಹೋಗಲಿಲ್ಲ. ಪೂರ್ತಿ ಸತ್ತಿದ್ರೆ ಅವರಿಗೇ ಒಳ್ಳೇದಿತ್ತು. ಅದರ ನಂತರ ಸೆಪ್ಟೆಂಬರ್‌ನಲ್ಲಿ ಕೆನಡಾದ ಕಂಪನಿಗಳು ತುರ್ತಿನಲ್ಲಿ ಒಬ್ಬರ ಗ್ರಾಹಕರನ್ನು ಇನ್ನೊಬ್ಬರು ಹೊರುವ ಒಪ್ಪಂದ ಮಾಡಿಕೊಂಡವು. ರಾಜರ್ಸ್ ಮೊಬೈಲಿಗೂ ಬ್ರಾಡ್‌ಬ್ಯಾಂಡಿಗೂ ಕೋರ್ ಬೇರೆ ಮಾಡೋದಾಗಿ ಹೇಳಿತು.

ಬ್ಯಾಕ್‌ಹಾಲ್ ಕಡಿದಾಗ ಸಾಮಾನ್ಯವಾಗಿ ಇಷ್ಟು ಕೆಟ್ಟದ್ದಾಗಲ್ಲ. ತನ್ನ ಕೋರ್ ಕಾಣ್ತಿಲ್ಲ ಅಂತ ಟವರಿಗೆ ಗೊತ್ತಾದ್ರೆ ಅದು ಫೋನುಗಳಿಗೆ "ಇಲ್ಲಿ ಬರಬೇಡಿ" ಅಂತ ಹೇಳೋ ಹಾಗೆ ಸೆಟ್ ಮಾಡಿರ್ತಾರೆ. ಅಪಾಯ ಇರೋದು ಕೊಂಡಿ ಪೂರ್ತಿ ಕಡಿಯದೆ ಅರೆಜೀವ ಆಗಿದ್ದಾಗ, ಇಲ್ಲ ಕೊಂಡಿ ಸರಿ ಇದ್ದು ಒಳಗೆ ಎಲ್ಲೋ ಕೆಟ್ಟಾಗ.

ಹಾಗಾಗಿ ಊರಿನ ಮನೆಗೆ ಇದನ್ನು ಹೇಳಿಕೊಡಿ. ಫೋನಿನಲ್ಲಿ ಕಡ್ಡಿ ತುಂಬಾ ಇದೆ, ಯಾರಿಗೂ ಕರೆ ಹೋಗ್ತಿಲ್ಲ, ಆಸ್ಪತ್ರೆಗೋ 112ಕ್ಕೋ ಅರ್ಜೆಂಟಾಗಿ ಮಾಡಬೇಕು ಅಂದ್ರೆ ಆ ಸಿಮ್ಮನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ, ಇಲ್ಲವೇ ಸಿಮ್ ಹೊರಗೆ ತೆಗೆದು 112 ಒತ್ತಿ ನೋಡೋದು. ಆಗ ಫೋನು ಆ ಸತ್ತ ನೆಟ್‌ವರ್ಕಿಗೆ ಅಂಟಿಕೊಳ್ಳೋದು ಬಿಟ್ಟು ಬೇರೆ ಟವರ್ ಹುಡುಕುತ್ತೆ. ಸಿಮ್ ಇಲ್ಲದ ಫೋನಿನಿಂದ ತುರ್ತು ಕರೆ ಎಲ್ಲ ಕಡೆ ಒಪ್ಪಿಕೊಳ್ತಾರೆ ಅನ್ನೋ ಖಾತ್ರಿ ಇಲ್ಲ, ಅದಕ್ಕೇ ಎರಡನೇ ಕಂಪನಿಯ ಸಿಮ್ ಒಳಗಿದ್ರೆ ಉತ್ತಮ, ಅದೂ ಬೇರೆ ಟವರಿನದ್ದು. ಪ್ರವಾಹ, ಚಂಡಮಾರುತದ ಹೊತ್ತಿನಲ್ಲಿ ದೂರಸಂಪರ್ಕ ಇಲಾಖೆ ಆಯಾ ಜಿಲ್ಲೆಯಲ್ಲಿ ಎಲ್ಲ ಕಂಪನಿಗಳ ನಡುವೆ ರೋಮಿಂಗ್ ತೆರೆಸುತ್ತೆ. ಆಗ ಫೋನಿನ ನೆಟ್‌ವರ್ಕ್ ಆಯ್ಕೆಯಲ್ಲಿ ಆಟೊಮ್ಯಾಟಿಕ್ ತೆಗೆದು, ಕೈಯಾರೆ ಬೇರೆ ಕಂಪನಿಯ ಹೆಸರು ಆರಿಸಬಹುದು. ಇದನ್ನು ಈಗಲೇ, ಬಿಸಿಲಿರುವಾಗಲೇ ಅಪ್ಪನ ಕೈಯಲ್ಲಿ ಒಮ್ಮೆ ಮಾಡಿಸಿ ನೋಡಿ. ಯಾವ ಮೆನು ಒಳಗೆ ಇದೆ ಅಂತ ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಕ್ಯಾಲೆಂಡರ್ ಹಿಂದೆ ಅಂಟಿಸಿ, ಯಾಕಂದ್ರೆ ಅದು ಬೇಕಾಗೋ ಹೊತ್ತಿಗೆ ನೀವು ಫೋನಿನಲ್ಲಿ ಹೇಳಿಕೊಡೋಕೆ ಆಗಲ್ಲ.

ಊರಿನಲ್ಲಿ ಗುಡ್ಡದ ಹಬ್ ಯಾವುದು, ಡೀಸೆಲ್ ಯಾವ ರಸ್ತೆಯಿಂದ ಬರುತ್ತೆ ಅಂತ ತಿಳ್ಕೊಂಡವರು ನಿಮ್ಮಲ್ಲಿ ಯಾರಾದ್ರೂ ಇದ್ರೆ ಬರೆದು ಕಳಿಸಿ. ಮುಂದಿನ ವಿಡಿಯೋದಲ್ಲಿ ಟವರ್ ಬ್ಯಾಟರಿ ಬಗ್ಗೆ ಮಾತಾಡೋಣ, ಲೆಡ್ ಆಸಿಡ್ ಹೋಗಿ ಲಿಥಿಯಂ ಬಂದ ಮೇಲೆ ಕಳ್ಳರ ಕಾಟ ಯಾಕೆ ಜಾಸ್ತಿ ಆಯ್ತು ಅನ್ನೋದೂ ಅದರಲ್ಲಿದೆ.